ಐದು ಕಂಪನಿಯ ರೆಸ್ಯೂಮೆ, ಒಂದೇ ಕಂಪನಿಯ ರೆಸ್ಯೂಮೆ: ಯಾವುದನ್ನು ಹೇಗೆ ಓದಬೇಕು

ಅರ್ಜಿಗಳ ಕಟ್ಟು ಮುಂದಿಟ್ಟುಕೊಂಡು ಕೂತವರ ಬಾಯಲ್ಲಿ ಎರಡು ಮಾತು ತಪ್ಪದೆ ಬರುತ್ತವೆ. ರೆಸ್ಯೂಮೆಯಲ್ಲಿ ಐದು ಕಂಪನಿಯ ಹೆಸರು ಕಂಡರೆ, "ಇವರು ಕಾಲಿಗೆ ಚಕ್ರ ಕಟ್ಟಿಕೊಂಡವರು, ನಮ್ಮಲ್ಲೂ ನಿಲ್ಲಲ್ಲ." ಒಂದೇ ಕಂಪನಿಯಲ್ಲಿ ಹನ್ನೊಂದು ವರ್ಷ ಕಂಡರೆ, ನೋಡುವವರು ಹಿರಿಯರಾಗಿದ್ದರೆ "ನಂಬಿಕಸ್ಥರು", ಕಿರಿಯರಾಗಿದ್ದರೆ "ಬಾವಿಯ ಕಪ್ಪೆ". ಎರಡೂ ತೀರ್ಪು ಹುಟ್ಟುವುದು ಪುಟದ ಅಂಚಿನ ತಾರೀಖುಗಳಿಂದ. ಕೆಲಸದ ಸಾಲುಗಳನ್ನು ಅಷ್ಟು ಹೊತ್ತಿಗೆ ಯಾರೂ ಓದಿರುವುದಿಲ್ಲ.

ಎಷ್ಟು ವರ್ಷ ಇದ್ದರು ಅನ್ನುವುದಕ್ಕಿಂತ ನನಗೆ ಮುಖ್ಯವಾಗಿ ಕಂಡಿದ್ದು ಬೇರೆ. ತಾವು ಮಾಡಿದ ಕೆಲಸದ ಫಲ ತಮ್ಮ ಕಣ್ಣೆದುರೇ ಬರುವ ತನಕ ಇದ್ದರಾ? ಮನೆ ಕಟ್ಟಿಸಿದವನು ಒಂದು ಮಳೆಗಾಲ ಅದರೊಳಗೆ ಕಳೆಯದಿದ್ದರೆ ಮಾಡು ಎಲ್ಲಿ ಸೋರುತ್ತದೆ ಎಂದು ಅವನಿಗೆ ಗೊತ್ತಾಗುವುದಿಲ್ಲ. ಹಾಗೆಯೇ ಪ್ರತಿ ಹುದ್ದೆಗೂ ಅದರದೇ ಒಂದು ಮಳೆಗಾಲ ಇರುತ್ತದೆ. ರೆಸ್ಯೂಮೆ ಓದುವ ಮೊದಲು ಅದು ಎಷ್ಟು ತಿಂಗಳಿಗೆ ಬರುತ್ತದೆ ಎಂದು ಲೆಕ್ಕ ಹಾಕಿಕೊಳ್ಳಬೇಕು.

ಹುದ್ದೆಯ ಸುತ್ತು

ಲೆಕ್ಕ ವಿಭಾಗದ ಮುಖ್ಯಸ್ಥರ ಹುದ್ದೆಯನ್ನೇ ತೆಗೆದುಕೊಳ್ಳಿ. ಹೊಸಬರಿಗೆ ಕಡತ, ಜನ, ಸಾಫ್ಟ್‌ವೇರ್ ಅರ್ಥವಾಗಲು ಸುಮಾರು 3 ತಿಂಗಳು ಬೇಕು. ಆಮೇಲೆ ತಿಂಗಳ ಲೆಕ್ಕ ಮುಗಿಸುವುದು ಕೈಗೆ ಹತ್ತುತ್ತದೆ. ನಿಜವಾದ ಪರೀಕ್ಷೆ ಮೊದಲ ವರ್ಷಾಂತ್ಯದ ಲೆಕ್ಕ. ಅದಾಗಿ ಕೆಲವು ತಿಂಗಳಿಗೆ ಆಡಿಟರ್ ಪ್ರಶ್ನೆಗಳು ಬರುತ್ತವೆ, ಆಗ ಹಿಂದಿನ ವರ್ಷ ಯಾವ ಶಾರ್ಟ್‌ಕಟ್ ಹೊಡೆದಿದ್ದರೋ ಅದು ಮೇಲೆ ಬರುತ್ತದೆ. ಕೂಡಿಸಿದರೆ ಒಂದು ಸುತ್ತು ಸುಮಾರು 18 ತಿಂಗಳು. ಇಂಥ ಹುದ್ದೆಗಳಲ್ಲಿ 12 ತಿಂಗಳಿಗೊಮ್ಮೆ ಜಾಗ ಬದಲಿಸಿದವರು ಬಹಳಷ್ಟು ಲೆಕ್ಕ ಬರೆದಿರಬಹುದು, ಆದರೆ ಅದಕ್ಕೆ ಉತ್ತರ ಕೊಟ್ಟಿರುವುದು ಅನುಮಾನ.

ಅದೇ ಅಳತೆಯನ್ನು ಎಲ್ಲ ಕೆಲಸಕ್ಕೂ ಹಿಡಿಯಲಾಗದು. ಕಾಲ್ ಸೆಂಟರಿನಲ್ಲಿ ಕರೆ ತೆಗೆದುಕೊಳ್ಳುವವರಿಗೆ ತಮ್ಮ ಕೆಲಸ ಸರಿಯೋ ತಪ್ಪೋ ಎಂದು ವಾರದೊಳಗೆ ಗೊತ್ತಾಗುತ್ತದೆ. ಅಲ್ಲಿ ಒಂದು ವರ್ಷ ಅಂದರೆ ಹಲವು ಸುತ್ತು. ದೊಡ್ಡ ಗ್ರಾಹಕರಿಗೆ ಯಂತ್ರ ಮಾರುವ ಕೆಲಸದಲ್ಲಿ ಮೊದಲ ಭೇಟಿಯಿಂದ ಆರ್ಡರ್‌ವರೆಗೆ ಒಂದು ವರ್ಷ ಹಿಡಿದರೆ ಆಶ್ಚರ್ಯವಿಲ್ಲ, ಗ್ರಾಹಕ ಮತ್ತೆ ಬಂದನೋ ಇಲ್ಲವೋ ಎಂದು ತಿಳಿಯಲು ಇನ್ನೊಂದು ವರ್ಷ. ಹಾಗಾಗಿ "ಎರಡು ವರ್ಷಕ್ಕಿಂತ ಕಡಿಮೆ ಇದ್ದವರನ್ನು ಕರೆಯುವುದೇ ಬೇಡ" ಎಂಬ ನಿಯಮ ಒಂದು ಹುದ್ದೆಗೆ ಸಡಿಲ, ಇನ್ನೊಂದಕ್ಕೆ ವಿನಾಕಾರಣ ಬಿಗಿ. ನಿಮ್ಮ ಹುದ್ದೆಯ ಸುತ್ತು ಎಷ್ಟು ತಿಂಗಳು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಅರ್ಜಿ ತೆರೆಯಿರಿ.

ವರ್ಷವಲ್ಲ, ತಿಂಗಳು

ಎರಡನೆಯ ಕೆಲಸ ಬರೀ ಗಣಿತ. "2019–2020" ಎಂದು ಬರೆದಿದ್ದರೆ ಅದು 2019ರ ಡಿಸೆಂಬರ್‌ನಿಂದ 2020ರ ಜನವರಿ ತನಕ, ಅಂದರೆ 2 ತಿಂಗಳಿರಬಹುದು. 2019ರ ಜನವರಿಯಿಂದ 2020ರ ಡಿಸೆಂಬರ್ ತನಕ 24 ತಿಂಗಳೂ ಇರಬಹುದು. ವರ್ಷ ಮಾತ್ರ ಬರೆದವರೆಲ್ಲ ಏನೋ ಮುಚ್ಚಿಡುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ, ಎಷ್ಟೋ ಸಿದ್ಧ ನಮೂನೆಗಳೇ ಹಾಗಿವೆ. ಆದರೆ ತಿಂಗಳು ಕೇಳದೆ ಮುಂದಿನ ಮಾತು ಆಡುವುದರಲ್ಲಿ ಅರ್ಥವಿಲ್ಲ. ಒಂದು ಇಮೇಲ್ ಸಾಕು.

ತಿಂಗಳು ಸಿಕ್ಕ ಮೇಲೆ ಸರಾಸರಿ ಹಾಕಲು ಹೋಗಬೇಡಿ. ಈಗಿರುವ ಕೆಲಸ ಇನ್ನೂ ಮುಗಿದಿಲ್ಲ, ಅದನ್ನು ಮುಗಿದ ಅವಧಿಗಳ ಜೊತೆ ಕೂಡಿಸಿ ಭಾಗಿಸಿದರೆ ಸುಳ್ಳು ಸಂಖ್ಯೆ ಬರುತ್ತದೆ. ಮುಗಿದವುಗಳನ್ನು ಬೇರೆ ಸಾಲಿನಲ್ಲಿ ಬರೆದು ಅವು ಯಾವ ಕಡೆಗೆ ಹೋಗುತ್ತಿವೆ ಎಂದು ನೋಡಿ. 10, 14, 30 ಎಂದು ಬೆಳೆಯುತ್ತಿದ್ದರೆ ಒಂದು ಕಥೆ. 30, 14, 8 ಎಂದು ಕುಗ್ಗುತ್ತಿದ್ದರೆ ಇನ್ನೊಂದು. ಎರಡಕ್ಕೂ ಸರಾಸರಿ ಹೆಚ್ಚುಕಡಿಮೆ ಒಂದೇ.

ವಯಸ್ಸಿನ ವಿಷಯವೂ ಇದೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ 2024ರ ಜನವರಿಗೆ ಕೊಟ್ಟ ಲೆಕ್ಕದಲ್ಲಿ, ಈಗಿನ ಕಂಪನಿಯಲ್ಲಿ ಕಳೆದ ಕಾಲದ ಮಧ್ಯಮಾಂಕ 55ರಿಂದ 64 ವಯಸ್ಸಿನವರಿಗೆ 9.6 ವರ್ಷ, 25ರಿಂದ 34ರವರಿಗೆ 2.7 ವರ್ಷ. ಅಂದರೆ 29ರ ಹರೆಯದವರ ಎರಡೂವರೆ ವರ್ಷ ತೀರ ಸಾಮಾನ್ಯ. ಅವರನ್ನು ತಮ್ಮ ವೃತ್ತಿಯ ಉದ್ದದಿಂದ ಅಳೆಯುವ ಹಿರಿಯರು ಈ ಅಂತರವನ್ನು ನೆನಪಿಡಬೇಕು. ಇನ್ನು ಓದು ಮುಗಿಸಿದ ಮೊದಲ ಒಂದೆರಡು ವರ್ಷದ ಓಡಾಟವನ್ನು ನಾನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಆಗ ಯಾರಿಗೂ ತಮಗೇನು ಬೇಕೆಂದು ಗೊತ್ತಿರುವುದಿಲ್ಲ.

ಬದಲಿಸುತ್ತ ಬಂದವರು

1974ರಲ್ಲಿ ಎಡ್ವಿನ್ ಗಿಸೆಲ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ಕೆಲಸದಿಂದ ಕೆಲಸಕ್ಕೆ ಹಾರುವ ತುಡಿತಕ್ಕೆ "ಹೋಬೋ ಸಿಂಡ್ರೋಮ್" ಎಂದು ಹೆಸರಿಟ್ಟರು. ಕಾರಣ ಕೇಳಿದರೆ ಸರಿಯಾಗಿ ಹೇಳಲು ಬಾರದ, ವಲಸೆ ಹಕ್ಕಿಯದರಂಥ ಒಳಗಿನ ಸೆಳೆತ ಅದು ಎಂಬುದು ಅವರ ವಾದ. ಹಿಂದೆ ಹೆಚ್ಚು ಬಾರಿ ಬಿಟ್ಟವರು ಮುಂದೆಯೂ ಬಿಡುವ ಸಂಭವ ಹೆಚ್ಚು ಎಂಬುದನ್ನು ಆಮೇಲಿನ ಕೆಲವು ಅಧ್ಯಯನಗಳೂ ಕಂಡಿವೆ. ಹಾಗಾಗಿ ಚಿಕ್ಕ ಅವಧಿಗಳನ್ನು ನೋಡಿ ಹುಬ್ಬೇರಿಸುವುದು ಬರೀ ಪೂರ್ವಗ್ರಹವಲ್ಲ. ಆದರೆ ಈ ಸಿಂಡ್ರೋಮ್ ಕಾರಣವಿಲ್ಲದೆ ತಾವಾಗಿ ಬಿಟ್ಟವರ ಬಗ್ಗೆ. ರೆಸ್ಯೂಮೆಯಲ್ಲಿ ಕಾಣುವ ಎಲ್ಲ ಬಿಡುವಿಕೆಯೂ ಅಂಥದ್ದಲ್ಲ.

ಪ್ರತಿ ಚಿಕ್ಕ ಅವಧಿಯ ಪಕ್ಕದಲ್ಲಿ ಒಂದು ಗುರುತು ಹಾಕಿ: ಕಾಂಟ್ರಾಕ್ಟ್ ಮುಗಿದದ್ದೋ, ಕಂಪನಿಯೇ ಕಳಿಸಿದ್ದೋ, ತಾವೇ ಬಿಟ್ಟದ್ದೋ. ವಿಭಾಗ ಮುಚ್ಚಿತು, ಕಂಪನಿ ಮಾರಾಟವಾಯಿತು, ಲೇಆಫ್ ಆಯಿತು ಅನ್ನುವುದು ಎರಡನೆಯ ಗುಂಪು. ಅದನ್ನು ಆ ವ್ಯಕ್ತಿಯ ಸ್ವಭಾವದ ಲೆಕ್ಕಕ್ಕೆ ಬರೆದರೆ ಅನ್ಯಾಯ. ಗುರುತು ಹಾಕುವಷ್ಟರಲ್ಲಿ ಐದು ಬದಲಾವಣೆ ಎರಡಕ್ಕೆ ಇಳಿಯುವುದು ಅಪರೂಪವೇನಲ್ಲ.

ಉಳಿದ, ತಾವೇ ಬಿಟ್ಟ ಸಲಗಳಲ್ಲಿ ನಾನು ನೋಡುವುದು ಗಡಿಯಾರವನ್ನು. ಪ್ರತಿ ಸಲವೂ 14 ತಿಂಗಳು, 15 ತಿಂಗಳು, 14 ತಿಂಗಳು ಎಂದಿದ್ದರೆ ಕಾರಣ ಕಂಪನಿಗಳಲ್ಲಿಲ್ಲ, ಆ ತಿಂಗಳಲ್ಲಿ ಏನೋ ಇದೆ. ಒಮ್ಮೊಮ್ಮೆ ಅದು ಸರಳವಾಗಿ ಹಣ. ಬೋನಸ್ ಕೈಗೆ ಬಂದ ಮಾರನೆಯ ತಿಂಗಳು ರಾಜೀನಾಮೆ. ಹೊಸ ಕಂಪನಿಗಳು ನೌಕರರಿಗೆ ಷೇರು ಕೊಡುವಾಗ ಸಾಮಾನ್ಯವಾಗಿ ಮೊದಲ ವರ್ಷ ತುಂಬುವ ತನಕ ಏನೂ ಇಲ್ಲ, ಪೂರ್ತಿ ಸಿಗಲು 4 ವರ್ಷ ಎಂಬ ಷರತ್ತು ಇಡುತ್ತವೆ, ಹಾಗಾಗಿ ಅಲ್ಲಿ 13ನೆಯ ತಿಂಗಳು ಮತ್ತು 4 ವರ್ಷ ದಾಟಿದ ಕೂಡಲೇ ಬಿಡುವವರು ಹೆಚ್ಚು. ಇದು ಲೆಕ್ಕಾಚಾರ, ಚಂಚಲತೆಯಲ್ಲ. ಅಂಥವರನ್ನು ಉಳಿಸಿಕೊಳ್ಳುವುದು ನಿಮ್ಮ ಸಂಬಳದ ರಚನೆಗೆ ಬಿಟ್ಟದ್ದು.

ನನಗೆ ಭಯ ಹುಟ್ಟಿಸುವ ಗಡಿಯಾರ ಬೇರೆ: ಪ್ರತಿ ಸಲ ಫಲ ಬರುವ ಹೊತ್ತಿಗೆ ಎದ್ದು ಹೋಗುವುದು. ಹೊಸ ವ್ಯವಸ್ಥೆ ತಂದರು, ಚಾಲೂ ಮಾಡಿದರು, ಎರಡು ತಿಂಗಳಿಗೆ ಹೊರಟರು. ಮುಂದಿನ ಕಂಪನಿಯಲ್ಲೂ ಅದೇ. ರೆಸ್ಯೂಮೆಯಲ್ಲಿ ಇದು ಬಲು ಚಂದ ಕಾಣುತ್ತದೆ, ಸಾಲುಸಾಲಾಗಿ "ಆರಂಭಿಸಿದೆ", "ಸ್ಥಾಪಿಸಿದೆ", "ಜಾರಿಗೆ ತಂದೆ". "ಸರಿಪಡಿಸಿದೆ", "ಕಡಿಮೆ ಮಾಡಿದೆ", "ಎರಡನೆಯ ವರ್ಷ ಬದಲಿಸಿದೆ" ಎಂಬ ಮಾತು ಮಾತ್ರ ಎಲ್ಲೂ ಸಿಗದು. ಇಂಥವರನ್ನು ಕೇಳಬೇಕಾದ ಪ್ರಶ್ನೆ ಒಂದೇ: "ನೀವು ಹೋದಮೇಲೆ ಆ ಕೆಲಸ ಯಾರ ಕೈಗೆ ಬಂತು, ಅವರು ಏನನ್ನು ಬದಲಿಸಿದರು?" ಉತ್ತರ ಗೊತ್ತಿದ್ದವರು ಹಿಂದಿರುಗಿ ನೋಡಿದ್ದಾರೆ. "ಗೊತ್ತಿಲ್ಲ, ನಾನಿದ್ದಾಗ ಎಲ್ಲ ಚೆನ್ನಾಗಿತ್ತು" ಎಂದವರು ಮಳೆಗಾಲಕ್ಕೆ ಮೊದಲೇ ಮನೆ ಖಾಲಿ ಮಾಡಿದವರು.

ಇನ್ನೊಂದು ಪ್ರಶ್ನೆಯೂ ಕೆಲಸಕ್ಕೆ ಬರುತ್ತದೆ. "ಯಾಕೆ ಬಿಟ್ಟಿರಿ" ಎಂದರೆ ಎಲ್ಲರ ಬಳಿಯೂ ಬಾಯಿಪಾಠದ ಉತ್ತರ ಇರುತ್ತದೆ. "ಬಿಡಬೇಕು ಅಂತ ಮೊದಲು ಅನಿಸಿದ್ದು ಯಾವಾಗ, ಆಗ ಏನು ಮಾಡಿದಿರಿ?" ಎಂದು ಕೇಳಿ. ಮ್ಯಾನೇಜರ್ ಹತ್ತಿರ ಮಾತಾಡಿದೆ, ಬೇರೆ ಕೆಲಸ ಕೇಳಿದೆ, ಆರು ತಿಂಗಳು ಕಾದೆ ಎಂದರೆ ನಿಮ್ಮಲ್ಲೂ ಅವರು ಬಿಡುವ ಮೊದಲು ನಿಮಗೆ ಸುಳಿವು ಸಿಗುತ್ತದೆ. ಅವತ್ತು ರಾತ್ರಿಯೇ ರೆಸ್ಯೂಮೆ ಸರಿ ಮಾಡಿದೆ ಎಂದರೆ ನಿಮಗೂ ಅಷ್ಟೇ ನೋಟಿಸು. ಹಳೆಯ ಕಂಪನಿಯೇ ಮತ್ತೆ ಕರೆದು ಕೆಲಸ ಕೊಟ್ಟ ಸಾಲು ರೆಸ್ಯೂಮೆಯಲ್ಲಿದ್ದರೆ, ಅಥವಾ ಹಳೆಯ ಮ್ಯಾನೇಜರ್ ಹೊಸ ಕಡೆಗೆ ಕರೆದುಕೊಂಡು ಹೋಗಿದ್ದರೆ, ನಾನು ಬದಲಾವಣೆಗಳನ್ನು ಎಣಿಸುವುದನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಜೊತೆಗೆ ಕೆಲಸ ಮಾಡಿ ನೋಡಿದವರು ಮತ್ತೆ ಕೇಳಿಕೊಂಡರು ಅಂದಮೇಲೆ ಅದಕ್ಕಿಂತ ದೊಡ್ಡ ರೆಫರೆನ್ಸ್ ಯಾವುದಿದೆ.

ಒಂದೇ ಕಡೆ ಇದ್ದವರು

ದೀರ್ಘಕಾಲ ಒಂದೇ ಕಡೆ ಇದ್ದವರ ರೆಸ್ಯೂಮೆ ಓದುವುದು ಇನ್ನೂ ಕಷ್ಟ, ಯಾಕೆಂದರೆ ಅದು ಸಾಮಾನ್ಯವಾಗಿ ಕೆಟ್ಟದಾಗಿ ಬರೆದಿರುತ್ತದೆ. ಹತ್ತು ವರ್ಷದಿಂದ ಯಾರೂ ಅವರನ್ನು "ನೀವೇನು ಮಾಡಿದ್ದೀರಿ" ಎಂದು ಕೇಳಿಲ್ಲ. ಸುತ್ತಲಿನವರಿಗೆಲ್ಲ ಗೊತ್ತಿರುವುದನ್ನು ಬರೆಯಬೇಕು ಎಂದು ಅವರಿಗೆ ಹೊಳೆಯುವುದೂ ಇಲ್ಲ. ಆಗಾಗ ಬದಲಿಸುವವರು ಎರಡು ವರ್ಷಕ್ಕೊಮ್ಮೆ ತಮ್ಮ ಕಥೆಯನ್ನು ಹೊಳಪು ಮಾಡಿರುತ್ತಾರೆ. ಈ ಅಂತರವನ್ನು ಸಾಮರ್ಥ್ಯದ ಅಂತರ ಎಂದುಕೊಂಡು ಎಷ್ಟೋ ಒಳ್ಳೆಯವರನ್ನು ಮೊದಲ ಸುತ್ತಿನಲ್ಲೇ ಬದಿಗಿಡಲಾಗುತ್ತದೆ.

ನೋಡಬೇಕಾದ್ದು ಆ ಹನ್ನೊಂದು ವರ್ಷದೊಳಗೆ ಎಷ್ಟು ಕೆಲಸಗಳಿವೆ ಎಂದು. ಹುದ್ದೆಯ ಹೆಸರು ನಾಲ್ಕು ಸಲ ಬದಲಾಗಿದ್ದರೆ ಸಾಲದು, ಕೆಳಗಿನ ಸಾಲುಗಳೂ ಬದಲಾಗಬೇಕು. "ಹಿರಿಯ" ಎಂಬ ಪದ ಸೇರಿ ಮಿಕ್ಕದ್ದೆಲ್ಲ ಹಾಗೇ ಇದ್ದರೆ ಅದು ಸೇವಾ ಹಿರಿತನಕ್ಕೆ ಸಿಕ್ಕ ಬಡ್ತಿ. ಕೈಕೆಳಗಿನ ಜನ, ನಿರ್ಧಾರದ ಮಿತಿ, ತಪ್ಪಿದರೆ ಆಗುವ ನಷ್ಟ, ಇವುಗಳಲ್ಲಿ ಯಾವುದಾದರೂ ದೊಡ್ಡದಾಗಿದೆಯೇ? ಜೊತೆಗೆ ಎಷ್ಟು ಮೇಲಧಿಕಾರಿಗಳ ಕೈಕೆಳಗೆ ಇದ್ದರು ಎಂದು ಕೇಳಿ. ಹನ್ನೊಂದು ವರ್ಷದಲ್ಲಿ ನಾಲ್ಕು ಮೇಲಧಿಕಾರಿಗಳನ್ನು ಕಂಡವರು ಹೊಸಬರ ಜೊತೆ ಹೊಂದಿಕೊಳ್ಳುವುದನ್ನು ನಾಲ್ಕು ಸಲ ಮಾಡಿದ್ದಾರೆ. ಕಂಪನಿ ಬದಲಿಸಿದವರಿಗೂ ಅವರಿಗೂ ಆ ಮಟ್ಟಿಗೆ ವ್ಯತ್ಯಾಸವಿಲ್ಲ.

ಅವರಲ್ಲಿ ನಿಜವಾದ ಅಪಾಯ ಸೋಮಾರಿತನವಲ್ಲ, ಎಷ್ಟು ಪಾಲು ಸಾಮರ್ಥ್ಯ ಅವರದು, ಎಷ್ಟು ಪಾಲು ಆ ಜಾಗದ್ದು ಎಂಬ ಪ್ರಶ್ನೆ. ಹಾರ್ವರ್ಡ್‌ನ ಬೋರಿಸ್ ಗ್ರಾಯ್ಸ್‌ಬರ್ಗ್ ಮತ್ತು ಸಂಗಡಿಗರು ಷೇರು ಪೇಟೆಯ 1,052 ಹೆಸರಾಂತ ವಿಶ್ಲೇಷಕರನ್ನು ಅಧ್ಯಯನ ಮಾಡಿದಾಗ, ಕಂಪನಿ ಬದಲಿಸಿದ ಎಷ್ಟೋ ಜನರ ಕೆಲಸ ಹೊಸ ಜಾಗದಲ್ಲಿ ಕುಸಿದದ್ದು ಕಂಡುಬಂತು. ತಮ್ಮ ತಂಡವನ್ನೇ ಜೊತೆಗೆ ಕರೆತಂದವರು ಅಷ್ಟಾಗಿ ಎಡವಲಿಲ್ಲ. ಅದು ಒಂದು ವೃತ್ತಿಯ ಮಾತು, ಎಲ್ಲ ಕೆಲಸಕ್ಕೂ ಹಾಗೇ ಅನ್ವಯಿಸಬೇಕಿಲ್ಲ. ಆದರೂ ಹೊರಗಿನಿಂದ ಒಬ್ಬರ ಕೈಚಳಕ ಎಂದು ಕಾಣುವುದರ ಹಿಂದೆ ಹತ್ತು ವರ್ಷದ ಪರಿಚಯ, ಫೋನ್ ಎತ್ತಿದರೆ ಓಗೊಡುವ ಸ್ಟೋರ್ಸ್‌ನವರು, ಯಾವ ಕಡತ ಎಲ್ಲಿದೆ ಎಂಬ ನೆನಪು ಇರುತ್ತದೆ ಎಂಬುದನ್ನು ಇದು ನೆನಪಿಸುತ್ತದೆ. ಇದನ್ನು ಅಳೆಯಲು "ದಾರಿ ಕಾಣದೆ ನಿಂತಾಗ ಯಾರ ಹತ್ತಿರ ಹೋದಿರಿ?" ಎಂದು ಮೂರು ಬೇರೆ ಬೇರೆ ಘಟನೆಗಳಿಗೆ ಕೇಳಿ. ಮೂರಕ್ಕೂ ಒಬ್ಬರದೇ ಹೆಸರು ಬಂದರೆ, ನೀವು ಕರೆತರುತ್ತಿರುವುದು ಅರ್ಧ ಜೋಡಿಯನ್ನು.

ಎರಡು ಅರ್ಜಿ, ಒಂದು ಹುದ್ದೆ

ಈ ಎರಡು ಅರ್ಜಿ ನಾನು ಉದಾಹರಣೆಗೆ ಕಟ್ಟಿಕೊಂಡವು, ಆದರೆ ಇಂಥ ಜೋಡಿ ಮೇಜಿನ ಮೇಲೆ ಬರುತ್ತಲೇ ಇರುತ್ತದೆ. ಹುದ್ದೆ ಲೆಕ್ಕ ವಿಭಾಗದ ಮುಖ್ಯಸ್ಥರದು. ಕಂಪನಿ ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗಲಿದೆ, ಅದರ ಮೇಲೆ ಎರಡು ವರ್ಷಾಂತ್ಯದ ಲೆಕ್ಕ ಮುಗಿಸಬೇಕು. ಸುತ್ತು 18 ತಿಂಗಳು.

ಮೊದಲ ಅರ್ಜಿಯಲ್ಲಿ ಐದು ಕಂಪನಿ. 2015ರ ಜೂನ್‌ನಿಂದ 2016ರ ನವೆಂಬರ್, 18 ತಿಂಗಳು. ಆಮೇಲೆ 2018ರ ಜನವರಿ ತನಕ 14. 2018ರ ಮಾರ್ಚ್‌ನಿಂದ 2019ರ ಆಗಸ್ಟ್, 18. 2019ರ ಅಕ್ಟೋಬರ್‌ನಿಂದ 2022ರ ಜೂನ್, 33. ಅಲ್ಲಿಂದ ಈಗಿನ ಕಂಪನಿ, 2024ರ ಜೂನ್‌ಗೆ 24 ತಿಂಗಳು, ಇನ್ನೂ ನಡೆಯುತ್ತಿದೆ. ಮೇಲ್ನೋಟಕ್ಕೆ 9 ವರ್ಷದಲ್ಲಿ ನಾಲ್ಕು ಸಲ ಬಿಟ್ಟವರು. ಗುರುತು ಹಾಕಿದಾಗ 14 ತಿಂಗಳದ್ದು ಸಾಫ್ಟ್‌ವೇರ್ ಬದಲಾವಣೆಗೆಂದೇ ತೆಗೆದುಕೊಂಡ ಕಾಂಟ್ರಾಕ್ಟ್, ಮೂರನೆಯದು ಕಂಪನಿ ಮಾರಾಟವಾಗಿ ವಿಭಾಗ ಬೇರೆಯದರಲ್ಲಿ ಸೇರಿಹೋದದ್ದು. ತಾವಾಗಿ ಬಿಟ್ಟದ್ದು ಎರಡು, ಅದರಲ್ಲಿ ಒಂದು ಮೊಟ್ಟಮೊದಲ ಕೆಲಸ. ನಡುವಿನ ಎರಡು ಖಾಲಿ ತಿಂಗಳ ಬಗ್ಗೆ ಕೇಳುವ ಅಗತ್ಯವೇ ಇಲ್ಲ.

33 ತಿಂಗಳ ಕೆಲಸದ ಮೇಲೆ ಸಂದರ್ಶನದ ಅರ್ಧ ಹೊತ್ತು ಕಳೆಯಬೇಕು, ಸುತ್ತು ತುಂಬಿ ಮಿಗುವಷ್ಟು ಕಾಲ ಕಳೆದದ್ದು ಅಲ್ಲಿ. ಅಲ್ಲಿ ಅವರು ಸಾಫ್ಟ್‌ವೇರ್ ಬದಲಿಸಿದರು. ಹಳೆಯ ಬಾಕಿಗಳನ್ನು ಹೊಸದಕ್ಕೆ ಸಾಗಿಸುವಾಗ ಪೂರೈಕೆದಾರರಿಗೆ ಕೊಟ್ಟ ಮುಂಗಡಗಳೆಲ್ಲ ತಪ್ಪು ತಲೆಬರಹಕ್ಕೆ ಹೋಗಿದ್ದವು. ಮೊದಲ ವರ್ಷಾಂತ್ಯದಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಎರಡನೆಯದರಲ್ಲಿ ಆಡಿಟರ್ ಹಿಡಿದರು. "ತಪ್ಪು ನನ್ನದೇ. ಮೊತ್ತ ತಾಳೆಯಾಯ್ತು ಅಂತ ಬಿಟ್ಟೆ, ಒಂದೊಂದೇ ಪಾರ್ಟಿ ಹೆಸರು ಹಿಡಿದು ತಾಳೆ ನೋಡ್ಬೇಕಿತ್ತು" ಅನ್ನುತ್ತಾರೆ. ಈ ಒಂದು ವಾಕ್ಯಕ್ಕಾಗಿಯೇ ಸಂದರ್ಶನ ನಡೆಸುವುದು. ಬೇಗ ಹೊರಟವರ ಬಾಯಲ್ಲಿ ಇದು ಬರಲಾರದು.

ಎರಡನೆಯ ಅರ್ಜಿ 2013ರಿಂದ ಒಂದೇ ಕಂಪನಿ. 2016, 2018, 2021ರಲ್ಲಿ ಬಡ್ತಿ. ಆದರೆ 2018ರ ನಂತರದ ಎರಡು ಹುದ್ದೆಗಳ ಕೆಳಗೆ ಹೆಚ್ಚುಕಡಿಮೆ ಅದೇ ನಾಲ್ಕು ಸಾಲು: ತಿಂಗಳ ಲೆಕ್ಕ, ಬ್ಯಾಂಕ್ ತಾಳೆ, ಆಡಿಟ್‌ಗೆ ದಾಖಲೆ, ವರದಿ. ಸಂದರ್ಶನದಲ್ಲಿ ಕೆದಕಿದಾಗ ರೆಸ್ಯೂಮೆಯಲ್ಲಿಲ್ಲದ್ದು ಹೊರಬಂತು. 2019ರಲ್ಲಿ ಒಂದು ಶಾಖೆ ಮುಚ್ಚಿದಾಗ ಅದರ ಸಾಲ, ಬಾಕಿ, ಸಿಬ್ಬಂದಿಯ ಲೆಕ್ಕವನ್ನೆಲ್ಲ ಇವರೊಬ್ಬರೇ ಏಳು ತಿಂಗಳಲ್ಲಿ ತೀರಿಸಿದ್ದರು. ಯಾಕೆ ಬರೆಯಲಿಲ್ಲ ಎಂದರೆ, "ಅದು ನನ್ನ ಹುದ್ದೆಯ ಕೆಲಸ ಆಗಿರ್ಲಿಲ್ಲ, ಸರ್." ಇಲ್ಲಿಗೆ ಬಾವಿಯ ಕಪ್ಪೆಯ ಮಾತು ಬಿದ್ದುಹೋಯಿತು. ಆದರೆ ಸಾಫ್ಟ್‌ವೇರ್ ಹನ್ನೊಂದು ವರ್ಷವೂ ಒಂದೇ, ಮೇಲಧಿಕಾರಿಯೂ ಒಬ್ಬರೇ. ದಾರಿ ಕಾಣದಾಗ ಯಾರ ಹತ್ತಿರ ಹೋದಿರಿ ಎಂದಾಗ ಮೂರೂ ಸಲ ಅವರದೇ ಹೆಸರು.

ಈ ಹುದ್ದೆಗೆ ನಾನು ಮೊದಲನೆಯವರನ್ನು ಆರಿಸುತ್ತೇನೆ. ಸಾಫ್ಟ್‌ವೇರ್ ಬದಲಾವಣೆಯ ಪೂರ್ತಿ ಸುತ್ತನ್ನು ಕಂಡವರು ಇಬ್ಬರಲ್ಲಿ ಅವರೊಬ್ಬರೇ. ಅದೇ ಕಂಪನಿ ಸಾಫ್ಟ್‌ವೇರ್ ಬದಲಿಸದೆ ಎರಡು ಶಾಖೆ ಮುಚ್ಚಲು ಹೊರಟಿದ್ದರೆ ಎರಡನೆಯವರು, ಅನುಮಾನವೇ ಇಲ್ಲ. ಒಂದೇ ರೆಸ್ಯೂಮೆ, ಹುದ್ದೆ ಬದಲಾದರೆ ಉತ್ತರವೂ ಬದಲು.

ತಾರೀಖುಗಳಿಂದ ಓದಲಾಗದ್ದೂ ಇದೆ. ಒಂದು ವರ್ಷದ ಖಾಲಿ ಜಾಗದ ಹಿಂದೆ ಕಾಯಿಲೆಯೋ ಮಗುವೋ ವಯಸ್ಸಾದ ತಂದೆತಾಯಿಯೋ ಇರಬಹುದು. ಅದನ್ನು ಕೆದಕುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಉಳಿದ ಕಡೆ ಸಭ್ಯತೆಗೆ. ಕೆಲಸದ ಬಗ್ಗೆ ಮಾತ್ರ ಕೇಳಿ. ಹಾಗೆಯೇ ಒಬ್ಬರ ಚಿಕ್ಕ ಅವಧಿ ಎಷ್ಟೋ ಸಲ ಆ ಕಂಪನಿಯ ಬಗ್ಗೆಯೇ ಹೆಚ್ಚು ಹೇಳುತ್ತದೆ. ಅಲ್ಲಿಂದ ಬಂದ ಮೂವರ ರೆಸ್ಯೂಮೆಯಲ್ಲೂ ಅದೇ 9 ತಿಂಗಳು ಕಂಡರೆ ಅರ್ಜಿದಾರರ ಮೇಲಿನ ಅನುಮಾನ ಬಿಟ್ಟುಬಿಡಿ.

ಆರಿಸಿದ ಮೇಲೂ ಈ ಓದು ಕೆಲಸಕ್ಕೆ ಬರುತ್ತದೆ. ಮೊದಲನೆಯವರು ಬಹುಶಃ ಮೂರು ವರ್ಷ ಇರುತ್ತಾರೆ ಎಂದುಕೊಂಡೇ ಮೊದಲ ವರ್ಷಾಂತ್ಯದ ಲೆಕ್ಕಕ್ಕೆ ಅವರ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಬೇಕು, ಹಿಂದಿನ ಕಂಪನಿಯಲ್ಲಿ ಬಿಡುವ ಯೋಚನೆ ಮೊದಲು ಬಂತು ಎಂದು ಅವರೇ ಹೇಳಿದ ಇಪ್ಪತ್ತೆಂಟನೆಯ ತಿಂಗಳಿಗೆ ಆರು ತಿಂಗಳು ಮೊದಲೇ ಮುಂದಿನ ಕೆಲಸದ ಮಾತು ಎತ್ತಬೇಕು. ಎರಡನೆಯವರನ್ನು ತೆಗೆದುಕೊಂಡಿದ್ದರೆ ಇದೆಲ್ಲ ಬೇಡ. ಅವರಿಗೆ ಬೇಕಾದ್ದು ಮೊದಲ ಮೂರು ತಿಂಗಳು, "ಇಲ್ಲಿ ಇದನ್ನ ಯಾರ ಹತ್ರ ಕೇಳ್ಬೇಕು" ಎಂದು ಸಂಕೋಚವಿಲ್ಲದೆ ಕೇಳಬಹುದಾದ ಒಬ್ಬ ಹಳೆಯ ಸಹೋದ್ಯೋಗಿ.